ಒಂಬತ್ತನೇ ತರಗತಿಯ ರ‍್ಯಾಂಕ್ ಪಟ್ಟಿ ಹೇಗೆ ತಯಾರಾಯಿತು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರಿಗೆ ನಮಸ್ಕಾರ.

ಅರ್ಧವಾರ್ಷಿಕ ಪ್ರಗತಿ ಪತ್ರವನ್ನು ಈ ವಾರ ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿದ್ದೇವೆ. ಒಟ್ಟು ಅಂಕದ ಪಕ್ಕದಲ್ಲೇ ತರಗತಿಯಲ್ಲಿ ಮಗುವಿನ ರ‍್ಯಾಂಕ್ ಬರೆದಿದೆ. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಿದ್ದೀರಿ. ಕೇಳಲೇಬೇಕಾದ ಪ್ರಶ್ನೆ ಅದು. ಅಂಕ ಕೂಡಿಸುವುದು ಸುಲಭ. ಅದಕ್ಕೂ ಮೊದಲು ತೆಗೆದುಕೊಂಡ ಕೆಲವು ತೀರ್ಮಾನಗಳಿಂದ ಒಂದು ಮಗುವಿನ ರ‍್ಯಾಂಕ್ ಏಳು ಸ್ಥಾನ ಹಿಂದೆ ಮುಂದೆ ಆಗಬಹುದು. ಆ ತೀರ್ಮಾನಗಳು ಯಾವುವು, ಯಾಕೆ ಹಾಗೆ ಮಾಡಿದೆವು ಎಂಬುದನ್ನು ತರಗತಿ ಶಿಕ್ಷಕರೂ ವಿಷಯ ಶಿಕ್ಷಕರೂ ಸೇರಿ ಇಲ್ಲಿ ಬರೆದಿದ್ದೇವೆ. ಉದಾಹರಣೆಗಳಲ್ಲಿ ಬರುವ ಮಕ್ಕಳನ್ನು ಕ, ಚ, ತ ಎಂದಷ್ಟೇ ಕರೆದಿದ್ದೇವೆ.

ರ‍್ಯಾಂಕ್‌ಗೆ ಯಾವ ಯಾವ ಅಂಕ ಸೇರಿದೆ?

ಒಟ್ಟು 625 ಅಂಕ. ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಲೆಕ್ಕವನ್ನೇ ಒಂಬತ್ತಕ್ಕೂ ಹಿಡಿದಿದ್ದೇವೆ. ಪ್ರಥಮ ಭಾಷೆ ಕನ್ನಡಕ್ಕೆ 125, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ತಲಾ 100. ಕನ್ನಡದ 125ರಲ್ಲಿ 100 ಅಂಕ ಸೆಪ್ಟೆಂಬರ್‌ನಲ್ಲಿ ನಡೆದ ಎಸ್‌ಎ 1 ಲಿಖಿತ ಪರೀಕ್ಷೆಯದು, 25 ಆಂತರಿಕ ಅಂಕ. ಉಳಿದ ವಿಷಯಗಳಲ್ಲಿ 80 ಲಿಖಿತ, 20 ಆಂತರಿಕ.

ಆಂತರಿಕ ಅಂಕ ಬರುವುದು ಎಫ್‌ಎ 1 ಮತ್ತು ಎಫ್‌ಎ 2ರಿಂದ. ಒಂದೊಂದು ಎಫ್‌ಎಗೂ 50 ಅಂಕ. ಅದರಲ್ಲಿ 15ರಂತೆ ಎರಡು ಚಟುವಟಿಕೆ, 20 ಅಂಕದ ಒಂದು ಕಿರು ಪರೀಕ್ಷೆ. ಎರಡೂ ಎಫ್‌ಎ ಕೂಡಿದರೆ ನೂರಾಗುತ್ತದೆ. ಅದನ್ನು ಐದರಿಂದ ಭಾಗಿಸಿದರೆ 20ಕ್ಕೆ ಇಳಿಯುತ್ತದೆ, ಕನ್ನಡಕ್ಕೆ ನಾಲ್ಕರಿಂದ ಭಾಗಿಸಿ 25ಕ್ಕೆ ಇಳಿಸಿದ್ದೇವೆ.

ಹಾಜರಾತಿ, ಕ್ರೀಡೆ, ನಡವಳಿಕೆ, ಚಿತ್ರಕಲೆ ಯಾವುದೂ ರ‍್ಯಾಂಕ್‌ಗೆ ಸೇರಿಲ್ಲ. ಹಾಕಿ ಆಡಲು ಜಿಲ್ಲಾ ತಂಡಕ್ಕೆ ಹೋದ ಮಗುವಿಗೆ ಇಲ್ಲಿ ಅಂಕ ಕೂಡುವುದಿಲ್ಲ, ಕಳೆಯುವುದೂ ಇಲ್ಲ.

ಭಾಗಿಸುವಾಗ ದಶಮಾಂಶ ಬರುತ್ತದಲ್ಲ, ಅದನ್ನು ಏನು ಮಾಡಿದಿರಿ?

ಕೊನೆಯಲ್ಲಿ ಒಂದೇ ಒಂದು ಸಲ ಪೂರ್ಣಾಂಕಕ್ಕೆ ತಂದಿದ್ದೇವೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ.

ಈ ‘ಒಂದೇ ಸಲ’ ಮುಖ್ಯ. ಒಂದು ಮಗುವಿಗೆ ಎಫ್‌ಎ 1ರಲ್ಲಿ 37, ಎಫ್‌ಎ 2ರಲ್ಲಿ 42 ಬಂದಿದೆ ಎನ್ನಿ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ 10ಕ್ಕೆ ಇಳಿಸಿದರೆ 7.4 ಮತ್ತು 8.4. ಎರಡನ್ನೂ ಅಲ್ಲಲ್ಲೇ ಪೂರ್ಣಾಂಕ ಮಾಡಿದರೆ 7 ಮತ್ತು 8, ಒಟ್ಟು 15. ಅದೇ ಎರಡನ್ನೂ ಮೊದಲು ಕೂಡಿದರೆ 79, ಐದರಿಂದ ಭಾಗಿಸಿದರೆ 15.8, ಅಂದರೆ 16. ಮಗು ಬರೆದದ್ದು ಅದೇ, ಲೆಕ್ಕದ ದಾರಿ ಬದಲಾದ್ದರಿಂದ ಒಂದು ಅಂಕ ಹೋಯಿತು. ಆರು ವಿಷಯಗಳಲ್ಲೂ ಹೀಗಾದರೆ ಆರು ಅಂಕ.

ಕೂಡಿದ ಮೇಲೆ ಬರುವ ದಶಮಾಂಶವನ್ನು ಉಳಿಸಿಕೊಂಡೇ ರ‍್ಯಾಂಕ್ ಕೊಡಬಹುದಿತ್ತು ಎಂದು ಕೆಲವರು ಹೇಳಿದ್ದೀರಿ. ಹಾಗೆ ಮಾಡಿದರೆ ಪ್ರಗತಿ ಪತ್ರದಲ್ಲಿ ಇಬ್ಬರಿಗೂ 512 ಎಂದು ಇರುತ್ತದೆ, ರ‍್ಯಾಂಕ್ ಮಾತ್ರ ಬೇರೆ ಬೇರೆ. ಕೈಯಲ್ಲಿರುವ ಕಾಗದದ ಅಂಕ ಕೂಡಿಸಿ ನೋಡಿದ ತಾಯಿ ತಂದೆಗೆ ರ‍್ಯಾಂಕ್ ತಾಳೆಯಾಗಬೇಕು. ಅದಕ್ಕಾಗಿ ಪತ್ರದಲ್ಲಿ ಅಚ್ಚಾದ ಅಂಕದಿಂದಲೇ ರ‍್ಯಾಂಕ್ ಹಾಕಿದ್ದೇವೆ.

ಎಲ್ಲಾ ವಿಷಯದ ಶೇಕಡಾವಾರು ನೋಡಿದರೆ ನಮ್ಮ ಮಗಳೇ ಮುಂದೆ. ರ‍್ಯಾಂಕ್‌ನಲ್ಲಿ ಮಾತ್ರ ಹಿಂದೆ. ಇದು ಹೇಗೆ?

ಕನ್ನಡಕ್ಕೆ 125 ಅಂಕ ಇರುವುದರಿಂದ. ಈ ಪ್ರಶ್ನೆಯನ್ನು ಹೆಚ್ಚು ಮನೆಯವರು ಕೇಳಿದ್ದೀರಿ, ಅದಕ್ಕೆ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಕ ಎಂಬ ವಿದ್ಯಾರ್ಥಿನಿಗೆ ಕನ್ನಡದಲ್ಲಿ 125ಕ್ಕೆ 92. ಉಳಿದ ಐದು ವಿಷಯಗಳಲ್ಲಿ 91, 88, 96, 94, 90. ಒಟ್ಟು 551. ಚ ಎಂಬ ವಿದ್ಯಾರ್ಥಿಗೆ ಕನ್ನಡದಲ್ಲಿ 117. ಉಳಿದವುಗಳಲ್ಲಿ 84, 86, 89, 88, 88. ಒಟ್ಟು 552. ಒಂದು ಅಂಕ ಹೆಚ್ಚು ಇರುವುದರಿಂದ ಚ ಐದನೇ ರ‍್ಯಾಂಕ್, ಕ ಆರನೇ ರ‍್ಯಾಂಕ್.

ಈಗ ಇನ್ನೊಂದು ರೀತಿಯಲ್ಲಿ ನೋಡಿ. ಪ್ರತಿ ವಿಷಯವನ್ನೂ ನೂರಕ್ಕೆ ಇಳಿಸಿ ಸರಾಸರಿ ತೆಗೆಯೋಣ. ಕ ಪಡೆದ 92 ನೂರಕ್ಕೆ 73.6 ಆಗುತ್ತದೆ. ಆರು ವಿಷಯಗಳ ಸರಾಸರಿ 88.77. ಚ ಪಡೆದ 117 ನೂರಕ್ಕೆ 93.6 ಆಗುತ್ತದೆ. ಸರಾಸರಿ 88.10. ಈ ಲೆಕ್ಕದಲ್ಲಿ ಕ ಮುಂದೆ ಬರುತ್ತಾಳೆ. ಐದು ವಿಷಯಗಳಲ್ಲಿ ಐದರಲ್ಲೂ ಅವಳಿಗೇ ಹೆಚ್ಚು ಅಂಕ ಇದ್ದದ್ದು ಇಲ್ಲಿ ಕಾಣುತ್ತದೆ.

ಎರಡೂ ಲೆಕ್ಕದಲ್ಲಿ ತಪ್ಪಿಲ್ಲ. 625ರ ಲೆಕ್ಕದಲ್ಲಿ ಕನ್ನಡದ ಪಾಲು ಶೇ. 20, ಮಿಕ್ಕ ಪ್ರತಿ ವಿಷಯದ ಪಾಲು ಶೇ. 16. ಸರಾಸರಿಯ ಲೆಕ್ಕದಲ್ಲಿ ಆರಕ್ಕೂ ಸಮಪಾಲು. ಯಾವುದನ್ನು ಹಿಡಿದರೂ ಯಾರೋ ಒಬ್ಬರು ಮುಂದೆ, ಯಾರೋ ಒಬ್ಬರು ಹಿಂದೆ.

ನಾವು 625ನ್ನೇ ಹಿಡಿದದ್ದು ಮುಂದಿನ ವರ್ಷ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ ಎದುರಿಸುವುದು ಅದೇ ಲೆಕ್ಕವನ್ನು ಎಂಬ ಕಾರಣಕ್ಕೆ. ಆದರೆ ನಮ್ಮ ಕೊಡಗಿನಲ್ಲಿ ಇದರಿಂದ ಯಾರಿಗೆ ಭಾರವಾಗುತ್ತದೆ ಎಂಬುದು ನಮಗೆ ಗೊತ್ತು. ತರಗತಿಯಲ್ಲಿ ಮನೆಯೊಳಗೆ ಕೊಡವ ತಕ್ಕ್ ಆಡುವವರಿದ್ದಾರೆ, ಅರೆಭಾಷೆ, ತುಳು, ಮಲಯಾಳ ಆಡುವವರಿದ್ದಾರೆ. ತೋಟದ ಲೈನ್‌ಮನೆಗಳಿಂದ ಬರುವ ಮಕ್ಕಳಲ್ಲಿ ತಮಿಳಿನವರೂ ಯರವರೂ ಇದ್ದಾರೆ. ಇವರಿಗೆಲ್ಲ ಶಾಲೆಯ ಪ್ರಥಮ ಭಾಷೆ ಮನೆಯ ಪ್ರಥಮ ಭಾಷೆಯಲ್ಲ. ಗಣಿತದಲ್ಲಿ 96 ತೆಗೆದ ಮಗು ಕನ್ನಡದ ಪ್ರಬಂಧದಲ್ಲಿ ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣದಲ್ಲಿ ಎಡವಿ ಅಂಕ ಕಳೆದುಕೊಳ್ಳುವುದನ್ನು ನಾವು ಉತ್ತರ ಪತ್ರಿಕೆಯಲ್ಲಿ ನೋಡುತ್ತೇವೆ. ಅಂಥ ಮಗುವಿನ ರ‍್ಯಾಂಕ್ ಓದುವಾಗ ಕನ್ನಡದ ಅಂಕವನ್ನು ಒಮ್ಮೆ ಬೇರೆಯಾಗಿ ನೋಡಿ. ಕ ಎಂಬ ಹುಡುಗಿ ಬೇಸಿಗೆಯೊಳಗೆ ಕನ್ನಡದಲ್ಲಿ ಹತ್ತು ಅಂಕ ಏರಿಸಿಕೊಂಡರೆ ಸಾಕು, ಬೇರೆ ಯಾವ ವಿಷಯವನ್ನೂ ಮುಟ್ಟಬೇಕಾಗಿಲ್ಲ.

ಜುಲೈ ಮಳೆಯಲ್ಲಿ ಬಸ್ ಬಾರದೆ ಎಫ್‌ಎ 1 ಕಿರು ಪರೀಕ್ಷೆ ತಪ್ಪಿಸಿಕೊಂಡ ಮಕ್ಕಳಿಗೆ ಸೊನ್ನೆ ಹಾಕಿದ್ದೀರಾ?

ಇಲ್ಲ. ಬರೆಯದ ಪರೀಕ್ಷೆ ಬೇರೆ, ಬರೆದು ಸೊನ್ನೆ ಬಂದದ್ದು ಬೇರೆ. ರಿಜಿಸ್ಟರಿನಲ್ಲಿ ಮೊದಲನೆಯದಕ್ಕೆ ‘ಗೈ’ ಎಂದು ಬರೆಯುತ್ತೇವೆ, ಎರಡನೆಯದಕ್ಕೆ 0.

ಜಿಲ್ಲಾಡಳಿತ ಮಳೆ ರಜೆ ಕೊಟ್ಟ ದಿನ ತೊಂದರೆಯೇ ಇಲ್ಲ. ಯಾರೂ ಬರುವುದಿಲ್ಲ, ಪರೀಕ್ಷೆಯನ್ನು ಎಲ್ಲರಿಗೂ ಮುಂದೂಡುತ್ತೇವೆ. ತೊಂದರೆ ಇರುವುದು ರಜೆ ಇಲ್ಲದ ದಿನ. ಶಾಲೆಯ ಸುತ್ತಮುತ್ತ ಬರೀ ಜಡಿಮಳೆ, ಆದರೆ ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ನೀರು ಬಂದಿರುತ್ತದೆ, ಇನ್ನೊಂದು ಕಡೆ ಬರೆ ಕುಸಿದಿರುತ್ತದೆ. ಪೇಟೆಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಆ ಕಡೆಯ ಮಕ್ಕಳು ಬಸ್ ಸ್ಟ್ಯಾಂಡಿನಿಂದ ಮನೆಗೆ ಹಿಂದಿರುಗುತ್ತಾರೆ. ಈ ಸಲ ಐದು ಮಕ್ಕಳಿಗೆ ಹೀಗಾಯಿತು.

ಇಂಥವರಿಗೆ ನಮ್ಮ ಮೊದಲ ದಾರಿ ಮರುಪರೀಕ್ಷೆ. ಅದೇ ಪಾಠ, ಅದೇ 20 ಅಂಕ, ಬೇರೆ ಪ್ರಶ್ನೆಗಳು. ಮೂವರು ಆಗಸ್ಟ್‌ನಲ್ಲಿ ಬರೆದರು, ಅವರ ಅಂಕ ಹಾಗೆಯೇ ಸೇರಿದೆ. ಉಳಿದಿಬ್ಬರು ಜ್ವರದಿಂದ ಮರುಪರೀಕ್ಷೆಗೂ ಬರಲಾಗಲಿಲ್ಲ. ಅವರಲ್ಲಿ ತ ಎಂಬ ಹುಡುಗನ ವಿಜ್ಞಾನದ ಲೆಕ್ಕ ತೋರಿಸುತ್ತೇವೆ.

ತ ಎಫ್‌ಎ 1ರ ಚಟುವಟಿಕೆಗಳಲ್ಲಿ 30ಕ್ಕೆ 26 ಪಡೆದಿದ್ದಾನೆ. ಕಿರು ಪರೀಕ್ಷೆ ಗೈರು. ಎಫ್‌ಎ 2ರಲ್ಲಿ ಚಟುವಟಿಕೆಗೆ 27, ಕಿರು ಪರೀಕ್ಷೆಗೆ 13, ಒಟ್ಟು 40.

ಗೈರನ್ನು ಸೊನ್ನೆ ಎಂದು ಹಿಡಿದರೆ 26ಕ್ಕೆ 40 ಕೂಡಿ 66. ಐದರಿಂದ ಭಾಗಿಸಿದರೆ 13.2, ಅಂದರೆ 13 ಅಂಕ. ಇದು ಮಗು ಕಲಿತದ್ದನ್ನು ಅಳೆಯುವುದಿಲ್ಲ, ರಸ್ತೆಯನ್ನು ಅಳೆಯುತ್ತದೆ.

ಬರೆದದ್ದನ್ನು ಮಾತ್ರ ಹಿಡಿದು 80ಕ್ಕೆ 66 ಎಂದು ಲೆಕ್ಕ ಹಾಕಿದರೆ 20ಕ್ಕೆ 16.5, ಅಂದರೆ 17. ನೋಡಲು ನ್ಯಾಯವಾಗಿ ಕಾಣುತ್ತದೆ, ಆದರೆ ಇದರಲ್ಲಿ ಒಂದು ಉಬ್ಬು ಇದೆ. ಚಟುವಟಿಕೆಯಲ್ಲಿ ಎಲ್ಲ ಮಕ್ಕಳಿಗೂ ಕಿರು ಪರೀಕ್ಷೆಗಿಂತ ಹೆಚ್ಚು ಅಂಕ ಬರುತ್ತದೆ. ಮಾದರಿ ಮಾಡಿ ತರಲು, ಗುಂಪಿನಲ್ಲಿ ಚರ್ಚಿಸಿ ಬರೆಯಲು ಸಮಯ ಸಿಗುತ್ತದೆ, ಕಿರು ಪರೀಕ್ಷೆಯಲ್ಲಿ ಸಿಗುವುದಿಲ್ಲ. ತ ಎಂಬವನ ಅಂಕವನ್ನೇ ನೋಡಿ, ಚಟುವಟಿಕೆಯಲ್ಲಿ 30ಕ್ಕೆ 27, ಕಿರು ಪರೀಕ್ಷೆಯಲ್ಲಿ 20ಕ್ಕೆ 13. ಕಷ್ಟದ ಭಾಗವನ್ನು ಬಿಟ್ಟು ಸುಲಭದ ಭಾಗದಿಂದ ಅಂದಾಜು ಮಾಡಿದರೆ, ಮಳೆಯಲ್ಲಿ ನೆನೆದುಕೊಂಡು ಬಂದು ಪರೀಕ್ಷೆ ಬರೆದ ಮಗುವಿಗೆ ಅನ್ಯಾಯ.

ಅದಕ್ಕೆ ನಾವು ಪರೀಕ್ಷೆಯ ಜಾಗಕ್ಕೆ ಪರೀಕ್ಷೆಯ ಅಂಕವನ್ನೇ ಇಟ್ಟೆವು. ಎಫ್‌ಎ 2ರ ಕಿರು ಪರೀಕ್ಷೆಯ 13 ಅಂಕವೇ ಎಫ್‌ಎ 1ಕ್ಕೂ. ಆಗ ಎಫ್‌ಎ 1ರಲ್ಲಿ 39, ಎಫ್‌ಎ 2ರಲ್ಲಿ 40, ಒಟ್ಟು 79, ಐದರಿಂದ ಭಾಗಿಸಿದರೆ 15.8. ಪ್ರಗತಿ ಪತ್ರದಲ್ಲಿ 16 ಎಂದು ಹಾಕಿದ್ದೇವೆ.

ಸೊನ್ನೆ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ತ ಎರಡು ದಿನ ಬಂದಿರಲಿಲ್ಲ, ನಾಲ್ಕು ವಿಷಯಗಳ ಕಿರು ಪರೀಕ್ಷೆ ತಪ್ಪಿತ್ತು. ವಿಷಯಕ್ಕೆ ಮೂರರಂತೆ 12 ಅಂಕ ಹೋಗುತ್ತಿತ್ತು. ಈಗ ಅವನ ಒಟ್ಟು 481, ಹನ್ನೊಂದನೇ ರ‍್ಯಾಂಕ್. ಸೊನ್ನೆಯ ಲೆಕ್ಕದಲ್ಲಿ 469 ಆಗಿ ಹದಿನೆಂಟನೇ ರ‍್ಯಾಂಕ್‌ಗೆ ಇಳಿಯುತ್ತಿದ್ದ.

ಈ ದಾರಿಗೂ ಮಿತಿ ಇದೆ. ಎಫ್‌ಎ 2ರ ಪ್ರಶ್ನೆಪತ್ರಿಕೆ ಎಫ್‌ಎ 1ಕ್ಕಿಂತ ಕಠಿಣವಾಗಿದ್ದರೆ ಮಗುವಿಗೆ ಸ್ವಲ್ಪ ನಷ್ಟ, ಸುಲಭವಾಗಿದ್ದರೆ ಸ್ವಲ್ಪ ಲಾಭ. ಆದ್ದರಿಂದ ಮರುಪರೀಕ್ಷೆ ಬರೆಯಲು ಆಗುವ ಮಗು ಬರೆಯಲೇಬೇಕು. ಗೈರಿನ ಕಾರಣವನ್ನು ಒಂದು ಚೀಟಿಯಲ್ಲಿ ಬರೆದು ಮೂರು ದಿನದೊಳಗೆ ಕಳಿಸಿ. ಕಾರಣ ಗೊತ್ತಿಲ್ಲದಿದ್ದರೆ ಮರುಪರೀಕ್ಷೆಯ ಪಟ್ಟಿಗೆ ಹೆಸರು ಸೇರಿಸಲು ತಡವಾಗುತ್ತದೆ.

ಎಸ್‌ಎ 1 ಬರೆಯದ ಮಗುವಿಗೂ ಇದೇ ಲೆಕ್ಕವೇ?

ಅಲ್ಲ. 20 ಅಂಕದಿಂದ 80 ಅಂಕವನ್ನು ಅಂದಾಜು ಮಾಡಲು ಬರುವುದಿಲ್ಲ. 38 ಮಕ್ಕಳಲ್ಲಿ ಒಬ್ಬರು ಆಸ್ಪತ್ರೆಯಲ್ಲಿದ್ದು ಎರಡು ಲಿಖಿತ ಪರೀಕ್ಷೆ ಬರೆಯಲಿಲ್ಲ. ಆ ಮಗುವಿನ ಪತ್ರದಲ್ಲಿ ಬರೆದ ವಿಷಯಗಳ ಅಂಕ ಇದೆ, ರ‍್ಯಾಂಕ್ ಜಾಗದಲ್ಲಿ ಅಡ್ಡಗೆರೆ ಇದೆ. ಹಾಗಾಗಿ ಈ ಪಟ್ಟಿ 37 ಮಕ್ಕಳದು.

ಒಂದು ವಿಷಯದಲ್ಲಿ 35ಕ್ಕಿಂತ ಕಡಿಮೆ ಬಂದವರಿಗೂ ರ‍್ಯಾಂಕ್ ಇದೆಯಾ?

ಇದೆ. ಒಟ್ಟು ಅಂಕ ಎಷ್ಟೋ ಅದಕ್ಕೆ ತಕ್ಕ ಸ್ಥಾನ. ಕಡಿಮೆ ಬಂದ ವಿಷಯದ ಅಂಕಕ್ಕೆ ಕೆಂಪು ಗೆರೆ ಎಳೆದಿದ್ದೇವೆ. ಆ ಮನೆಯವರು ರ‍್ಯಾಂಕ್ ಬಿಟ್ಟು ಆ ಕೆಂಪು ಗೆರೆಯನ್ನು ನೋಡಬೇಕು ಎಂಬುದು ನಮ್ಮ ಕಳಕಳಿಯ ಮಾತು. ಒಟ್ಟು 402 ಬಂದು ಗಣಿತದಲ್ಲಿ 31 ಬಂದ ಮಗುವಿಗೆ ಬೇಕಾದದ್ದು ಗಣಿತದ ನಾಲ್ಕು ಅಂಕ.

ಮೂರನೇ ರ‍್ಯಾಂಕ್ ಯಾರಿಗೂ ಇಲ್ಲವಂತೆ. ನಮ್ಮ ಮಗನಿಗೆ ಅದನ್ನು ಕೊಡದೆ ನಾಲ್ಕನೆಯದು ಯಾಕೆ ಕೊಟ್ಟಿರಿ?

ಮೇಲಿನ ಒಟ್ಟು ಅಂಕಗಳು ಹೀಗಿವೆ: 588, 571, 571, 564, 552, 551. ಇವಕ್ಕೆ 1, 2, 2, 4, 5, 6 ಎಂದು ರ‍್ಯಾಂಕ್ ಕೊಟ್ಟಿದ್ದೇವೆ. ನಮ್ಮ ನಿಯಮ ಇಷ್ಟೇ: ನಿಮ್ಮ ಮಗುವಿಗಿಂತ ಹೆಚ್ಚು ಅಂಕ ಪಡೆದವರು ಎಷ್ಟು ಮಂದಿ ಎಂದು ಎಣಿಸಿ, ಅದಕ್ಕೆ ಒಂದು ಕೂಡಿಸಿ. 564 ಬಂದ ಹುಡುಗನಿಗಿಂತ ಮುಂದೆ ಮೂವರಿದ್ದಾರೆ, ಆದ್ದರಿಂದ ನಾಲ್ಕು.

1, 2, 2, 3 ಎಂದು ಕೊಡುವ ರೂಢಿಯೂ ಕೆಲವು ಕಡೆ ಇದೆ. ಅದರಲ್ಲಿ ಪಟ್ಟಿಯ ಕೆಳಭಾಗಕ್ಕೆ ಬರುವಷ್ಟರಲ್ಲಿ ರ‍್ಯಾಂಕ್‌ಗೂ ಮಕ್ಕಳ ಸಂಖ್ಯೆಗೂ ಸಂಬಂಧ ತಪ್ಪುತ್ತದೆ. 37 ಮಕ್ಕಳಲ್ಲಿ ಇಬ್ಬಿಬ್ಬರಂತೆ ಹತ್ತು ಜೋಡಿಗಳಿಗೆ ಸಮ ಅಂಕ ಬಂದಿದ್ದರೆ ಕೊನೆಯ ಮಗುವಿನ ರ‍್ಯಾಂಕ್ ಇಪ್ಪತ್ತೇಳರಲ್ಲೇ ನಿಲ್ಲುತ್ತದೆ.

571 ಬಂದ ಇಬ್ಬರನ್ನು ಬೇರೆ ಮಾಡಲು ಗಣಿತದ ಅಂಕವನ್ನೋ ಹುಟ್ಟಿದ ದಿನಾಂಕವನ್ನೋ ನೋಡಿಲ್ಲ. ಸಮ ಬಂದವರು ಸಮವೇ.

ಪಟ್ಟಿಯನ್ನು ಕಂಪ್ಯೂಟರ್‌ನಲ್ಲಿ ಮಾಡಿದ್ದರೆ ತಪ್ಪು ಹೇಗೆ ಬರುತ್ತದೆ?

ಕೂಡುವುದರಲ್ಲಿ ತಪ್ಪು ಬರುವುದಿಲ್ಲ, ನಾವು ತುಂಬುವುದರಲ್ಲಿ ಬರುತ್ತದೆ. ಶಾಲೆಯಲ್ಲಿ ಕೆಲಸ ಮಾಡುವ ಪೋಷಕರೂ ಈ ಪ್ರಶ್ನೆ ಕೇಳಿದ್ದರಿಂದ ನಾವು ಬಳಸಿದ ಸೂತ್ರಗಳನ್ನೇ ಕೊಡುತ್ತೇವೆ. ಎಕ್ಸೆಲ್ ಹಾಳೆಯಲ್ಲಿ D ಯಿಂದ I ವರೆಗೆ ಆರು ವಿಷಯ, J ಯಲ್ಲಿ ಒಟ್ಟು, K ಯಲ್ಲಿ ರ‍್ಯಾಂಕ್. ಮಕ್ಕಳು 2ನೇ ಸಾಲಿನಿಂದ 39ನೇ ಸಾಲಿನವರೆಗೆ.

```
J2:  =IF(COUNT(D2:I2)=6,SUM(D2:I2),"")
K2:  =IF(J2="","",RANK.EQ(J2,$J$2:$J$39,0))
```

ಬರೀ `SUM` ಹಾಕಿದರೆ ಅದು ಅಕ್ಷರವಿರುವ ಮನೆಯನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ‘ಗೈ’ ಎಂದು ಬರೆದದ್ದು ಅಲ್ಲಿಗೆ ಸೊನ್ನೆಯಾಯಿತು. 80 ಎಂದು ಹೊಡೆಯುವಾಗ ಸೊನ್ನೆಯ ಬದಲು ಇಂಗ್ಲಿಷ್‌ನ ಓ ಅಕ್ಷರ ಬಿದ್ದರೂ ಅದೇ ಗತಿ, ಕಣ್ಣಿಗೆ 80 ಕಾಣುತ್ತದೆ, ಒಟ್ಟಿಗೆ ಸೇರಿರುವುದಿಲ್ಲ. ಮೇಲಿನ ಸೂತ್ರದಲ್ಲಿ `COUNT` ಆರು ಸಂಖ್ಯೆ ಸಿಗದಿದ್ದರೆ ಒಟ್ಟನ್ನೇ ಖಾಲಿ ಬಿಡುತ್ತದೆ. ಖಾಲಿ ಮನೆ ಕಂಡ ಕೂಡಲೇ ಹೋಗಿ ನೋಡುತ್ತೇವೆ. ಇನ್ನೊಂದು ಗುರುತು: ನಾವಾಗಿ ಜೋಡಣೆ ಬದಲಿಸದಿದ್ದರೆ ಸಂಖ್ಯೆ ಮನೆಯ ಬಲಕ್ಕೆ ಅಂಟಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಅಂಕದ ಸಾಲಿನಲ್ಲಿ ಒಂದು ಮಾತ್ರ ಎಡಕ್ಕೆ ಸರಿದಿದ್ದರೆ ಅದು ಸಂಖ್ಯೆಯಲ್ಲ.

`$` ಗುರುತು ಬಿಟ್ಟರೆ ಇನ್ನೊಂದು ಅನಾಹುತ. ಸೂತ್ರವನ್ನು ಕೆಳಕ್ಕೆ ಎಳೆದಂತೆ ಹೋಲಿಸುವ ವ್ಯಾಪ್ತಿಯೂ ಕೆಳಕ್ಕೆ ಜಾರುತ್ತದೆ. ಪ್ರತಿ ಮಗುವನ್ನೂ ತನಗಿಂತ ಕೆಳಗಿನ ಸಾಲಿನವರ ಜೊತೆ ಮಾತ್ರ ಹೋಲಿಸಿದಂತಾಗುತ್ತದೆ, 39ನೇ ಸಾಲಿನ ಮಗುವಿಗೆ ಎಷ್ಟು ಅಂಕ ಬಂದಿದ್ದರೂ 1ನೇ ರ‍್ಯಾಂಕ್ ಸಿಗುತ್ತದೆ. ಹಾಜರಿಯ ಕೊನೆಯ ಹೆಸರಿನ ರ‍್ಯಾಂಕ್ ನೋಡಿದರೆ ಇದು ತಕ್ಷಣ ತಿಳಿಯುತ್ತದೆ.

ಎಲ್ಲಕ್ಕಿಂತ ಅಪಾಯದ ತಪ್ಪು ವಿಂಗಡಿಸುವಾಗ ಆಗುವುದು. ಒಂದು ವಿಷಯದ ಅಂಕದ ಕಾಲಂ ಒಂದನ್ನೇ ಆರಿಸಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಅಂಕಗಳು ಜಾಗ ಬದಲಿಸುತ್ತವೆ, ಹೆಸರುಗಳು ಇದ್ದಲ್ಲೇ ಇರುತ್ತವೆ. ಹಾಳೆ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಅದಕ್ಕೆ ನಾವು ಮೂಲ ಹಾಳೆಯನ್ನು ವಿಂಗಡಿಸುವುದೇ ಇಲ್ಲ. ಅದು ಹಾಜರಿ ಕ್ರಮದಲ್ಲೇ ಇರುತ್ತದೆ. ಕೊನೆಗೆ ಒಬ್ಬ ಶಿಕ್ಷಕರು ಉತ್ತರ ಪತ್ರಿಕೆಯಿಂದ ಅಂಕವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದ ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಹೋಗುತ್ತಾರೆ. 38 ಮಕ್ಕಳು, ಆರು ವಿಷಯ, ಒಂದು ಮಧ್ಯಾಹ್ನ ಬೇಕು. ಇದಕ್ಕೆ ಬದಲಿ ದಾರಿ ಇಲ್ಲ.

ಹನ್ನೊಂದನೇ ರ‍್ಯಾಂಕ್‌ಗೂ ಹದಿನೆಂಟನೇ ರ‍್ಯಾಂಕ್‌ಗೂ ಎಷ್ಟು ವ್ಯತ್ಯಾಸ?

ಹನ್ನೊಂದು ಅಂಕ. 481, 480, 478, 477, 475, 474, 472, 470. ಎಂಟು ಮಕ್ಕಳು 625ರಲ್ಲಿ ಹನ್ನೊಂದು ಅಂಕದೊಳಗೆ ಇದ್ದಾರೆ.

ನಾಲ್ಕು ಅಂಕದ ಒಂದು ಉತ್ತರಕ್ಕೆ ಒಬ್ಬ ಶಿಕ್ಷಕರು ಮೂರು ಕೊಟ್ಟರೆ ಇನ್ನೊಬ್ಬರು ಎರಡೂವರೆ ಕೊಡಬಹುದು. ಮಾದರಿ ಉತ್ತರ ಮುಂದಿಟ್ಟುಕೊಂಡರೂ ಇಷ್ಟು ಏರುಪೇರು ಇರುತ್ತದೆ. ಇದನ್ನು ಕಡಿಮೆ ಮಾಡಲು ನಾವು ಒಂದು ಮಗುವಿನ ಪೂರ್ತಿ ಪತ್ರಿಕೆ ನೋಡಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲ ಮಕ್ಕಳ ಒಂದೇ ಪ್ರಶ್ನೆಯನ್ನು ಮೊದಲು ನೋಡಿ ಮುಗಿಸುತ್ತೇವೆ. ಆದರೂ ಆರು ಪತ್ರಿಕೆ ಸೇರಿ ನಾಲ್ಕೈದು ಅಂಕ ಆಚೀಚೆ ಆಗುವುದು ಅಸಾಧ್ಯವಲ್ಲ. ಆದ್ದರಿಂದ ಈ ಎಂಟು ಮಕ್ಕಳನ್ನು ಒಂದೇ ಗುಂಪು ಎಂದು ಓದುವುದು ಸರಿ. ‘ಪಕ್ಕದ ಮನೆಯವನಿಗಿಂತ ನಾಲ್ಕು ರ‍್ಯಾಂಕ್ ಹಿಂದೆ’ ಎಂದು ಮಗುವನ್ನು ಬೈಯುವ ಮೊದಲು ಅಂಕದ ಅಂತರ ಕೇಳಿ. ಪಟ್ಟಿಯ ಮೇಲ್ತುದಿಯಲ್ಲಿ ಹಾಗಿಲ್ಲ, ಒಂದನೇ ರ‍್ಯಾಂಕ್‌ಗೂ ಎರಡನೆಯದಕ್ಕೂ ನಡುವೆ 17 ಅಂಕ ಇದೆ.

ಈ ಕಾರಣಕ್ಕೇ ಪ್ರಗತಿ ಪತ್ರದ ಜೊತೆ ಹೆಸರಿಲ್ಲದ 37 ಒಟ್ಟು ಅಂಕಗಳ ಒಂದು ಚೀಟಿ ಇಟ್ಟಿದ್ದೇವೆ. ಅದರಲ್ಲಿ ನಿಮ್ಮ ಮಗುವಿನ ಅಂಕಕ್ಕೆ ಸುತ್ತು ಹಾಕಿ ನೋಡಿ.

ಹೆಸರು ಸಮೇತ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದಲ್ಲ?

ಹಾಕುವುದಿಲ್ಲ. ಕೊನೆಯ ಐದು ಸ್ಥಾನದಲ್ಲಿರುವ ಮಕ್ಕಳ ಹೆಸರು ಊರೆಲ್ಲಾ ತಿರುಗುವುದು ನಮಗೆ ಬೇಡ. ನಿಮ್ಮ ಮಗುವಿನ ಅಂಕ ನಿಮಗೆ.

ಏಳನೇ ತರಗತಿಯಲ್ಲಿ ಎರಡನೇ ರ‍್ಯಾಂಕ್ ಇದ್ದವಳು ಈಗ ಹನ್ನೆರಡು. ಇಷ್ಟು ಇಳಿದಳೇ?

ಊರಿನ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳಿ. ನಮ್ಮ ಹಳ್ಳಿ ಶಾಲೆಗಳಲ್ಲಿ ಒಂದು ತರಗತಿಗೆ ಆರೇಳು ಮಕ್ಕಳಿರುವುದು ಸಾಮಾನ್ಯ. ಆರರಲ್ಲಿ ಎರಡನೆಯವಳು ಎಂದರೆ ತರಗತಿಯ ಮೇಲಿನ ಮೂರನೇ ಒಂದು ಭಾಗದಲ್ಲಿದ್ದಳು ಎಂದರ್ಥ. 37ರಲ್ಲಿ ಹನ್ನೆರಡು ಎಂದರೂ ಅದೇ ಜಾಗ. ಅವಳು ಇಳಿದಿಲ್ಲ, ತರಗತಿ ದೊಡ್ಡದಾಗಿದೆ. ಸುತ್ತಲಿನ ಹಲವು ಊರುಗಳಲ್ಲಿ ಮೊದಲಿಗರಾಗಿದ್ದವರು ಪ್ರೌಢಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಕೂತಿದ್ದಾರೆ.

ಹೋಲಿಸಲೇಬೇಕಾದರೆ ಒಂದೇ ವಿಷಯದ ಎಂಟನೇ ತರಗತಿಯ ಎಸ್‌ಎ 1 ಅಂಕವನ್ನು ಈಗಿನದರ ಪಕ್ಕದಲ್ಲಿಟ್ಟು ನೋಡಿ. ಅದರಲ್ಲಿ ಹತ್ತು ಅಂಕಕ್ಕಿಂತ ಹೆಚ್ಚು ಕುಸಿತ ಇದ್ದರೆ ನಮ್ಮಲ್ಲಿ ಬಂದು ಮಾತಾಡಿ.

ಅಂಕ ತಪ್ಪಾಗಿದೆ ಅನ್ನಿಸಿದರೆ ಏನು ಮಾಡಬೇಕು?

ಉತ್ತರ ಪತ್ರಿಕೆಯನ್ನು ಮಗುವಿನ ಜೊತೆ ಕೂತು ನೋಡಿ. ಮೂರು ಕಡೆ ಕಣ್ಣು ಹಾಯಿಸಿದರೆ ಸಾಕು. ಮೊದಲು, ಒಳಗಿನ ಪುಟಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ಅಂಕಗಳೆಲ್ಲ ಮುಖಪುಟದ ಚೌಕಗಳಿಗೆ ಬಂದಿವೆಯೇ? ಹೆಚ್ಚಾಗಿ ತಪ್ಪಿಹೋಗುವುದು ಮಗು ಕೊನೆಯಲ್ಲಿ ಜಾಗ ಮಾಡಿಕೊಂಡು ಬರೆದ ಉತ್ತರ, ಇಲ್ಲವೇ ಹೆಚ್ಚುವರಿ ಹಾಳೆಯ ಹಿಂಬದಿಯದು. ಎರಡನೆಯದು, ಅಂಕವೇ ಬೀಳದ ಉತ್ತರ ಯಾವುದಾದರೂ ಇದೆಯೇ? ಉತ್ತರ ತಪ್ಪಾಗಿದ್ದರೂ ಅಲ್ಲಿ 0 ಇರಬೇಕು. ಏನೂ ಬರೆಯದೆ ಖಾಲಿ ಇದ್ದರೆ ನೋಡಿಲ್ಲ ಎಂದರ್ಥ. ಮೂರನೆಯದು, ಮುಖಪುಟದ ಒಟ್ಟು ಪ್ರಗತಿ ಪತ್ರದ ಲಿಖಿತ ಅಂಕಕ್ಕೆ ಸರಿಹೊಂದುತ್ತದೆಯೇ?

‘ಮೂರು ಕೊಟ್ಟಿದ್ದೀರಿ, ನಾಲ್ಕು ಕೊಡಬಹುದಿತ್ತು’ ಎಂಬ ಮನವಿಯನ್ನೂ ಕೇಳುತ್ತೇವೆ, ಆದರೆ ಆಗ ಆ ಪ್ರಶ್ನೆಗೆ ಅದೇ ಅಂಕ ಬಂದ ಇತರ ಉತ್ತರಗಳನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡುತ್ತೇವೆ. ಒಬ್ಬರಿಗೆ ಏರಿಸಿದರೆ ಅಂಥದೇ ಉತ್ತರ ಬರೆದ ಎಲ್ಲರಿಗೂ ಏರಿಸಬೇಕಾಗುತ್ತದೆ.

ಒಬ್ಬರ ಅಂಕ ಬದಲಾದರೆ ಉಳಿದವರ ರ‍್ಯಾಂಕ್ ಏನಾಗುತ್ತದೆ?

ಅದೂ ಬದಲಾಗುತ್ತದೆ. ಕ ಎಂಬ ವಿದ್ಯಾರ್ಥಿನಿಯ ವಿಜ್ಞಾನ ಪತ್ರಿಕೆಯಲ್ಲಿ ಎರಡು ಅಂಕದ ಉತ್ತರವೊಂದು ಬಿಟ್ಟುಹೋದದ್ದು ಸಿಕ್ಕಿತು ಎಂದು ಇಟ್ಟುಕೊಳ್ಳಿ. ಅವಳ ಒಟ್ಟು 553 ಆಗಿ ಐದನೇ ರ‍್ಯಾಂಕ್‌ಗೆ ಬರುತ್ತಾಳೆ. ಚ ತನ್ನ 552ರಲ್ಲೇ ಇದ್ದರೂ ಆರನೆಯವನಾಗುತ್ತಾನೆ. ಅವನ ಮನೆಗೂ ತಿದ್ದಿದ ಪತ್ರ ಹೋಗಬೇಕು, ಕಾರಣವನ್ನೂ ಬರೆದಿರಬೇಕು. ಹೀಗೆ ಪದೇ ಪದೇ ತಿದ್ದುವುದು ಬೇಡವೆಂದು ಎಲ್ಲ ಮನವಿಗಳನ್ನೂ ಒಟ್ಟಿಗೆ ನೋಡಿ ಒಂದೇ ಸಲ ಪರಿಷ್ಕೃತ ಪಟ್ಟಿ ಮಾಡುತ್ತೇವೆ. ಪ್ರಗತಿ ಪತ್ರ ಕೈಗೆ ಬಂದ ಏಳು ದಿನದೊಳಗೆ ಮನವಿ ತಲುಪಲಿ.

ಕಾಫಿ ಕೊಯ್ಲು ಶುರುವಾಗಿದೆ, ದಿನದ ಕೂಲಿ ಬಿಟ್ಟು ಶಾಲೆಗೆ ಬರಲೇಬೇಕಾ?

ಬೇಡ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ 12ರಿಂದ 1.30ರವರೆಗೆ ಎಲ್ಲ ವಿಷಯ ಶಿಕ್ಷಕರೂ ಇರುತ್ತೇವೆ, ಬರಲು ಆಗುವವರು ಆಗ ಬನ್ನಿ. ಆಗದವರು ಉತ್ತರ ಪತ್ರಿಕೆಯನ್ನು ಮಗುವಿನ ಕೈಯಲ್ಲೇ ಮನೆಗೆ ತರಿಸಿಕೊಳ್ಳಬಹುದು. ಸಂಶಯ ಇರುವ ಉತ್ತರದ ಪಕ್ಕದಲ್ಲಿ ಪೆನ್ಸಿಲ್‌ನಿಂದ ಸಣ್ಣ ಗುರುತು ಹಾಕಿ, ಬೇರೆ ಚೀಟಿಯಲ್ಲಿ ವಿಷಯ, ಪುಟ ಮತ್ತು ಪ್ರಶ್ನೆಯ ಸಂಖ್ಯೆ ಬರೆದು ಸಹಿ ಮಾಡಿ ಕಳಿಸಿ. ಬರೆಯಲು ಬಾರದವರು ಮಗುವಿನಿಂದಲೇ ಬರೆಸಿ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಉತ್ತರ ಪತ್ರಿಕೆಯ ಮೇಲೆ ಮಾತ್ರ ಪೆನ್ನಿನಿಂದ ಏನನ್ನೂ ಬರೆಯಬೇಡಿ, ಅದು ಶಾಲೆಯ ದಾಖಲೆ. ಎರಡು ದಿನದೊಳಗೆ ಹಿಂದಿರುಗಿಸಬೇಕು.